ಅದೇ ನಾಲ್ಕು ರೀಡಿಂಗ್, ಎರಡು ಇಂಟರ್ವಲ್: ಈ ಸರಳು ಪಾಸೋ ಫೇಲೋ?

ಸರಳು_ಅಳತೆ

ಉಕ್ಕಿನ ಸರಳುಗಳ ಉದ್ದ ಅಳೆಯುವುದು ನನ್ನ ಕೆಲಸ. ಇರಬೇಕಾದ ಉದ್ದಕ್ಕಿಂತ ಎಷ್ಟು ಮೈಕ್ರಾನ್ ಹೆಚ್ಚು, ಎಷ್ಟು ಕಡಿಮೆ ಅಂತ ಬರೆದಿಡುತ್ತೇವೆ. ಸೊನ್ನೆ ಬಂದರೆ ಉದ್ದ ಸರಿಯಾಗಿದೆ ಅಂತ. ನಿಜವಾದ ಉದ್ದ +10 ದಾಟಿದ್ದರೆ ಸರಳು ಫೇಲ್.

ಗೇಜಿನ ಎಸ್‌ಡಿ 6 ಮೈಕ್ರಾನ್. ಇದು ಊಹೆಯಲ್ಲ, ಒಂದೇ ಮಾಸ್ಟರ್ ತುಂಡನ್ನು ಮತ್ತೆ ಮತ್ತೆ ಅಳೆದು ಗೊತ್ತುಮಾಡಿಕೊಂಡದ್ದು. ಹಾಗಾಗಿ ವೇರಿಯನ್ಸ್ ಗೊತ್ತಿದೆ ಅಂತಲೇ ಇಟ್ಟುಕೊಳ್ಳಿ. ಒಂದು ಸರಳನ್ನು ನಾಲ್ಕು ಸಲ ಅಳೆದೆವು. ಬಂದದ್ದು 13, 5, 11, 7. ಸರಾಸರಿ 9.

ಒಬ್ಬ ಸಹೋದ್ಯೋಗಿ ಕಾನ್ಫಿಡೆನ್ಸ್ ಇಂಟರ್ವಲ್ ಹಾಕಿದರು. 6 ಭಾಗಿಸು √4, ಅಂದರೆ 3. 9 ± 1.96 × 3. ಬಂದದ್ದು 3.12 ರಿಂದ 14.88.

ಇನ್ನೊಬ್ಬರು, ನಮ್ಮ ಲೈನಿನಿಂದ ಬರುವ ಸರಳುಗಳ ನಿಜವಾದ ಉದ್ದ ಸೊನ್ನೆಯ ಸುತ್ತ ಎಸ್‌ಡಿ 4ರಷ್ಟು ಹರಡಿರುತ್ತದೆ, ಅದನ್ನು ಯಾಕೆ ಬಿಡಬೇಕು ಅಂದರು. ಅದನ್ನೇ ಪ್ರಯರ್ ಮಾಡಿ ಪೋಸ್ಟೀರಿಯರ್ ತೆಗೆದರು. ಸರಾಸರಿ 5.76, ಎಸ್‌ಡಿ 2.4. ಅವರ ಕ್ರೆಡಿಬಲ್ ಇಂಟರ್ವಲ್ 1.06 ರಿಂದ 10.46.

ಎರಡರ ಮೇಲೂ 95% ಅಂತ ಬರೆದಿದೆ. ಆದರೆ +10 ದಾಟಿರುವ ಸಾಧ್ಯತೆ ಎಷ್ಟು ಅಂತ ಕೇಳಿದರೆ ಮೊದಲನೆಯವರು ಸುಮಾರು 37% ಅನ್ನುತ್ತಾರೆ, ಎರಡನೆಯವರು ಸುಮಾರು 4%. ಇಷ್ಟು ವ್ಯತ್ಯಾಸ ಇಟ್ಟುಕೊಂಡು ನಾನು ಸಹಿ ಹಾಕುವುದು ಹೇಗೆ?

---

ಸಂಖ್ಯಾಪ್ರೇಮಿ

ಇದರಲ್ಲಿ ಜಗಳ ಏನೂ ಇಲ್ಲ. ಪ್ರಯರನ್ನು ಚಪ್ಪಟೆ ಮಾಡಿ, ಅಂದರೆ ಅದರ ಎಸ್‌ಡಿಯನ್ನು ಬೇಕಾದಷ್ಟು ದೊಡ್ಡದು ಮಾಡಿ. ಆಗ ಪೋಸ್ಟೀರಿಯರ್ ಸರಾಸರಿ 9 ಆಗುತ್ತದೆ, ಎಸ್‌ಡಿ 3 ಆಗುತ್ತದೆ. ಕ್ರೆಡಿಬಲ್ ಇಂಟರ್ವಲ್ ಕೂಡ 3.12 ರಿಂದ 14.88. ಅಂದರೆ ಕಾನ್ಫಿಡೆನ್ಸ್ ಇಂಟರ್ವಲ್ ಅನ್ನುವುದು ಪ್ರಯರ್ ಇಲ್ಲದ ಕ್ರೆಡಿಬಲ್ ಇಂಟರ್ವಲ್. ಉದ್ದ ಅದರೊಳಗೆ ಇರುವ ಸಂಭವ 95% ಅಂತ ಧೈರ್ಯವಾಗಿ ಹೇಳಬಹುದು. ಎರಡನೆಯವರದು ಇನ್ನೂ ಕಿರಿದಾಗಿದೆ, ಹಾಗಾಗಿ ಅದೇ ಒಳ್ಳೆಯದು.

---

ಹಳೇಗಣಿತ

ಸಂಖ್ಯಾಪ್ರೇಮಿಯವರು ಹೇಳಿದ ಲೆಕ್ಕ ಸರಿ. ಅದರಿಂದ ತೆಗೆದ ತೀರ್ಮಾನಕ್ಕೆ ಆಮೇಲೆ ಬರುತ್ತೇನೆ. ಮೊದಲು 5.76 ಎಲ್ಲಿಂದ ಬಂತು ಅಂತ ನೋಡಿಬಿಡೋಣ. ಅದು ಗೊತ್ತಾದರೆ ಉಳಿದದ್ದು ಸುಲಭ.

ಒಂದು ರೀಡಿಂಗಿನ ವೇರಿಯನ್ಸ್ 36. ಪ್ರಯರ್ ವೇರಿಯನ್ಸ್ 16. 36ನ್ನು 16ರಿಂದ ಭಾಗಿಸಿದರೆ 2.25. ಇದರರ್ಥ, ನಿಮ್ಮ ಪ್ರಯರಿನ ತೂಕ ಅದೇ ಗೇಜಿನ ಎರಡೂಕಾಲು ರೀಡಿಂಗಿನ ತೂಕಕ್ಕೆ ಸಮ. ಆ ಎರಡೂಕಾಲು ರೀಡಿಂಗೂ ಸೊನ್ನೆ ತೋರಿಸಿವೆ ಅಂತ ಇಟ್ಟುಕೊಳ್ಳಿ. ನೀವು ನಿಜಕ್ಕೂ ಅಳೆದದ್ದು ನಾಲ್ಕು, ಅವುಗಳ ಮೊತ್ತ 36. ಒಟ್ಟು ಆರೂಕಾಲು ರೀಡಿಂಗ್.

```
ಪೋಸ್ಟೀರಿಯರ್ ಸರಾಸರಿ = (2.25×0 + 36) / 6.25 = 5.76
ಪೋಸ್ಟೀರಿಯರ್ ವೇರಿಯನ್ಸ್ = 36 / 6.25 = 5.76
ಪೋಸ್ಟೀರಿಯರ್ ಎಸ್‌ಡಿ = 2.4
```

ಸರಾಸರಿಗೂ ವೇರಿಯನ್ಸಿಗೂ 5.76 ಬಂದದ್ದು ಈ ಅಂಕಿಗಳಿಂದಾದ ಕಾಕತಾಳೀಯ, ಅದಕ್ಕೆ ಅರ್ಥ ಹುಡುಕಬೇಡಿ. ಪುಸ್ತಕದ ಸೂತ್ರದಲ್ಲಿ 1/16 + 4/36 ಅಂತ ಬರೆದಿರುತ್ತಾರೆ. ಅದೂ ಇದೂ ಒಂದೇ. ನನಗೆ ರೀಡಿಂಗ್ ಲೆಕ್ಕದಲ್ಲಿ ಹೇಳುವುದು ಇಷ್ಟ, ಯಾಕೆಂದರೆ ಪ್ರಯರ್ ಎಷ್ಟು ಜೋರಾಗಿದೆ ಅನ್ನುವುದು ತಟ್ಟನೆ ಕಾಣುತ್ತದೆ. ನೂರು ಸಲ ಅಳೆದಿದ್ದರೆ ನೂರರ ಮುಂದೆ ಎರಡೂಕಾಲು ಏನೂ ಅಲ್ಲ, ಎರಡು ಇಂಟರ್ವಲ್‌ಗಳೂ ಹೆಚ್ಚು ಕಡಿಮೆ ಒಂದೇ ಆಗುತ್ತಿದ್ದವು. ನಾಲ್ಕರ ಮುಂದೆ ಎರಡೂಕಾಲು ಸಣ್ಣದಲ್ಲ. ನಿಮ್ಮ ತಲೆನೋವಿನ ಮೂಲ ಇಲ್ಲೇ ಇದೆ.

ಒಂದೊಂದೇ ರೀಡಿಂಗ್ ಸೇರಿಸಿಕೊಂಡು ಹೋದರೂ ಬರುವುದು ಅದೇ. 13 ಬಂದಾಗ ಅಂದಾಜು ಸೊನ್ನೆಯಿಂದ 4.00ಕ್ಕೆ ಏರುತ್ತದೆ. 5 ಬಂದಾಗ 4.24, 11 ಬಂದಾಗ 5.52, ಕೊನೆಯ 7ಕ್ಕೆ 5.76. ಕೊನೆಯ ರೀಡಿಂಗ್ ಎಷ್ಟು ಕಡಿಮೆ ಅಲುಗಾಡಿಸಿತು ನೋಡಿ.

---

ಬೆಳ್ಳಿಮೋಡ

ನನಗೆ ಈ 1.06–10.46 ತಪ್ಪು ಅನ್ನಿಸುತ್ತಿದೆ. ನಾಲ್ಕು ರೀಡಿಂಗಿನಲ್ಲಿ 13 ಮತ್ತು 11 ಎರಡೂ ಅದರ ಹೊರಗೆ ಬಿದ್ದಿವೆ. 95% ಅಂದಮೇಲೆ ಅರ್ಧ ರೀಡಿಂಗ್ ಹೊರಗೆ ಹೇಗೆ ಹೋಗುತ್ತವೆ? ಎಲ್ಲೋ ಲೆಕ್ಕ ತಪ್ಪಿದೆ.

ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲೂ ಹೀಗೇ ಆಗುತ್ತದೆ. ಟೈಟ್ರೇಶನ್ ನಾಲ್ಕು ಸಲ ಮಾಡುತ್ತೇವೆ, ಆ ನಾಲ್ಕರಿಂದಲೇ ಎಸ್‌ಡಿ ತೆಗೆದು 1.96ರಿಂದ ಗುಣಿಸುತ್ತೇವೆ. ಆಮೇಲೆ ಚೆಕ್ ಮಾಡಿದರೆ ನಮ್ಮ ಇಂಟರ್ವಲ್‌ಗಳು ಸರಿಯಾದ ಬೆಲೆಯನ್ನು ಬೇಕಾದಷ್ಟು ಸಲ ತಪ್ಪಿಸಿಕೊಂಡಿರುತ್ತವೆ.

---

ಕೋಡುಗಾತಿ

ಬೆಳ್ಳಿಮೋಡ ಅವರೇ, ಇಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ.

ಮೊದಲನೆಯದು. ಆ ಇಂಟರ್ವಲ್ ಇರುವುದು ಸರಳಿನ ನಿಜವಾದ ಉದ್ದಕ್ಕೆ, ರೀಡಿಂಗುಗಳಿಗಲ್ಲ. ರೀಡಿಂಗ್ ತಾನಾಗೇ 6ರಷ್ಟು ಅತ್ತಿತ್ತ ಓಡಾಡುತ್ತದೆ. ಐದನೇ ಸಲ ಅಳೆದರೆ ಏನು ಬರಬಹುದು ಅಂತ ಕೇಳಿದರೆ ಗೇಜಿನ 36ಕ್ಕೆ ಉದ್ದದ ಬಗ್ಗೆ ಉಳಿದಿರುವ ಅನುಮಾನದ 5.76 ಸೇರಿಸಬೇಕು. ಒಟ್ಟು 41.76, ಎಸ್‌ಡಿ ಸುಮಾರು 6.46. ಮುಂದಿನ ರೀಡಿಂಗಿನ 95% ವ್ಯಾಪ್ತಿ ಸುಮಾರು −6.9 ರಿಂದ 18.4. ನಿಮ್ಮ ಮನಸ್ಸಿನಲ್ಲಿದ್ದದ್ದು ಇದು. 13, 11 ಎರಡೂ ಇದರೊಳಗೆ ಆರಾಮಾಗಿ ಕೂರುತ್ತವೆ. ನೂರಾರು ಸಲ ಅಳೆದರೆ ಉದ್ದದ ಇಂಟರ್ವಲ್ ಒಂದು ಮೈಕ್ರಾನಿನ ಆಸುಪಾಸಿಗೆ ಕುಗ್ಗುತ್ತದೆ, ಆಗ ಹೆಚ್ಚಿನ ರೀಡಿಂಗುಗಳು ಅದರ ಹೊರಗೇ ಇರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ.

ಎರಡನೆಯದು, ನಿಮ್ಮ ಟೈಟ್ರೇಶನ್. ಅಲ್ಲಿ ವೇರಿಯನ್ಸ್ ನಿಮಗೆ ಗೊತ್ತಿಲ್ಲ. ನಾಲ್ಕೇ ರೀಡಿಂಗಿನಿಂದ ಅದನ್ನೂ ಅಂದಾಜು ಮಾಡುತ್ತಿದ್ದೀರಿ. ಆಗ 1.96 ಸಾಲುವುದಿಲ್ಲ, ಟಿ ಹಂಚಿಕೆಯ 3.18 ಬೇಕು. ನಾಲ್ಕು ರೀಡಿಂಗಿಗೆ 1.96 ಬಳಸಿದರೆ 95% ಅಂತ ಬರೆದದ್ದು ನಿಜದಲ್ಲಿ ಸುಮಾರು 85.5% ಮಾತ್ರ. ಸರಳು_ಅಳತೆಯವರಿಗೆ ಗೇಜಿನ ಹಳೇ ದಾಖಲೆ ಇದೆ, ಅವರಿಗೆ ಈ ತೊಂದರೆ ಇಲ್ಲ.

---

ಬೆಳ್ಳಿಮೋಡ

3.18 ಹಾಕಿದರೆ ಇಂಟರ್ವಲ್ ಎಷ್ಟು ಅಗಲ ಆಗುತ್ತದೆ ಅಂದರೆ ಅದನ್ನು ರಿಪೋರ್ಟಿನಲ್ಲಿ ಯಾರೂ ಒಪ್ಪುವುದಿಲ್ಲ. ಆದರೂ ಸರಿ, ನಮ್ಮ ಬ್ಯೂರೆಟ್‌ಗಳ ಹಳೇ ದಾಖಲೆ ತೆಗೆದು ನೋಡುತ್ತೇನೆ. ಅಲ್ಲಿ ಎಸ್‌ಡಿ ಸಿಕ್ಕಿದರೆ ನಮಗೂ ಇದೇ ದಾರಿ ಆಗುತ್ತದೆ ಅಲ್ವಾ?

---

ಕೋಡುಗಾತಿ

ಆಗುತ್ತದೆ. ದಾಖಲೆ ಅದೇ ವಿಧಾನದ್ದು, ಅದೇ ಸಾಂದ್ರತೆಯ ಆಸುಪಾಸಿನದ್ದು ಆಗಿರಬೇಕು, ಅಷ್ಟೇ.

---

ಸಂಖ್ಯಾಪ್ರೇಮಿ

ನನ್ನ ಪ್ರಶ್ನೆ ಹಾಗೇ ಉಳಿಯಿತು. ಚಪ್ಪಟೆ ಪ್ರಯರ್ ಹಾಕಿದರೆ ಎರಡೂ ಒಂದೇ ಆದಮೇಲೆ, 3.12–14.88ರೊಳಗೆ ಉದ್ದ ಇರುವ ಸಂಭವ 95% ಅನ್ನುವುದರಲ್ಲಿ ಏನು ತಪ್ಪು?

---

ಹಳೇಗಣಿತ

ಅಂಕಿ ಒಂದೇ ಆದ ಮಾತ್ರಕ್ಕೆ ಆ ಮಾತು ಈ ಸರಳಿಗೆ ಹೊಂದುವುದಿಲ್ಲ. ಚಪ್ಪಟೆ ಪ್ರಯರ್ ಅಂದರೆ ಉದ್ದ ಸೊನ್ನೆಯ ಹತ್ತಿರ ಇರುವುದೂ, 500 ಮೈಕ್ರಾನ್ ಆಚೆ ಇರುವುದೂ ಮೊದಲಿನಿಂದಲೇ ಸರಿಸಮ ಅಂತ. ಲೈನಿನಿಂದ ಬರುವ ಸರಳುಗಳು ಹಾಗಿಲ್ಲ. ಎಸ್‌ಡಿ 4 ಅಂತ ಅವರಿಗೆ ಗೊತ್ತಿದೆ. ಗೊತ್ತಿರುವುದನ್ನು ಬದಿಗಿಟ್ಟು ಸಂಭವ ಹೇಳಿದರೆ ಆ ಸಂಭವ ಯಾವ ಸರಳಿಗೂ ಸೇರದ ಸಂಭವ ಆಗುತ್ತದೆ.

ಇದನ್ನು ಮಾತಿನಲ್ಲಿ ಎಳೆಯುವ ಬದಲು ಎಣಿಸಿಯೇ ನೋಡಬಹುದು. ಲೈನಿನಿಂದ ಲಕ್ಷಾಂತರ ಸರಳು ಬಂದಿವೆ, ಪ್ರತಿಯೊಂದನ್ನೂ ನಾಲ್ಕು ಸಲ ಅಳೆದಿದ್ದೇವೆ ಅಂತ ಊಹಿಸಿಕೊಳ್ಳಿ. ಎರಡು ರೀತಿಯಲ್ಲಿ ಅವನ್ನು ಗುಂಪು ಮಾಡಬಹುದು.

ಒಂದು, ನಿಜವಾದ ಉದ್ದದ ಮೇಲೆ ಗುಂಪು. ನಿಜವಾದ ಉದ್ದ 0 ಇರುವ ಸರಳುಗಳೆಲ್ಲ ಒಂದು ಕಡೆ, 12 ಇರುವವೆಲ್ಲ ಇನ್ನೊಂದು ಕಡೆ. ಕಾನ್ಫಿಡೆನ್ಸ್ ಇಂಟರ್ವಲ್ ಕೊಡುವ ಭರವಸೆ ಈ ಗುಂಪುಗಳಿಗೆ. ಯಾವ ಗುಂಪಿಗೆ ಹೋದರೂ ನೂರರಲ್ಲಿ 95 ಸಲ ಇಂಟರ್ವಲ್ ನಿಜವಾದ ಉದ್ದವನ್ನು ಹಿಡಿದಿರುತ್ತದೆ. 1937ರಲ್ಲಿ ಜೆರ್ಜಿ ನೇಮನ್ ಈ ವಿಧಾನವನ್ನು ಕಟ್ಟಿಕೊಟ್ಟಾಗ ಕೊಟ್ಟ ಭರವಸೆಯೂ ಇಷ್ಟೇ. ಭರವಸೆ ವಿಧಾನದ್ದು, ಎದುರಿಗಿರುವ ಒಂದು ಇಂಟರ್ವಲ್‌ದಲ್ಲ.

ಇನ್ನೊಂದು, ಬಂದ ಸರಾಸರಿಯ ಮೇಲೆ ಗುಂಪು. ಸರಾಸರಿ 9 ಬಂದ ಸರಳುಗಳೆಲ್ಲ ಒಂದು ಕಡೆ. ನಿಮ್ಮ ಕೈಯಲ್ಲಿರುವ ಸರಳು ಸೇರುವುದು ಈ ಗುಂಪಿಗೆ. ಅದರ ನಿಜವಾದ ಉದ್ದ ನಿಮಗೆ ಕಾಣುವುದಿಲ್ಲ, ಕಾಣುವುದು 9 ಮಾತ್ರ. ಈ ಗುಂಪಿನಲ್ಲಿ ನಿಜವಾದ ಉದ್ದಗಳು 5.76ರ ಸುತ್ತ ಎಸ್‌ಡಿ 2.4ರಂತೆ ಹರಡಿರುತ್ತವೆ. ಅದನ್ನೇ ಪೋಸ್ಟೀರಿಯರ್ ಅನ್ನುತ್ತೇವೆ. ಅವುಗಳಲ್ಲಿ ಎಷ್ಟು 3.12 ಮತ್ತು 14.88ರ ನಡುವೆ ಇವೆ? ಕೆಳಗಿನ ತುದಿ 5.76ಕ್ಕಿಂತ 1.1 ಎಸ್‌ಡಿ ಮಾತ್ರ ಕೆಳಗಿದೆ. ಸುಮಾರು 13.6% ಸರಳುಗಳು ಅಲ್ಲಿಂದಲೇ ಸೋರಿಹೋಗುತ್ತವೆ. ಮೇಲಿನ ತುದಿ ಎಲ್ಲೋ ದೂರ ಇದೆ, ಅಲ್ಲಿ ಯಾರೂ ಇಲ್ಲ. ಉಳಿದದ್ದು 86%. 95 ಅಲ್ಲ.

ಹಾಗಾದರೆ ಕಳೆದುಹೋದ 9% ಎಲ್ಲಿ? ಸರಾಸರಿ 0 ಬಂದ ಗುಂಪಿಗೆ ಹೋಗಿ. ಅಲ್ಲಿ ಅದೇ ಕಾನ್ಫಿಡೆನ್ಸ್ ಇಂಟರ್ವಲ್ 98.6% ಹಿಡಿಯುತ್ತದೆ. ಎಲ್ಲ ಗುಂಪೂ ಸೇರಿಸಿದರೆ ಸರಿಯಾಗಿ 95. ವಿಧಾನ ಎಲ್ಲೂ ಸುಳ್ಳು ಹೇಳಿಲ್ಲ. ನಾವು ಅದಕ್ಕೆ ಕೇಳದ ಪ್ರಶ್ನೆಗೆ ಅದರಿಂದ ಉತ್ತರ ತೆಗೆಯಲು ಹೋಗುತ್ತೇವೆ.

---

ಕೋಡುಗಾತಿ

ಹಳೇಗಣಿತ ಸರ್ ಹೇಳಿದ್ದನ್ನು ಓಡಿಸಿ ನೋಡುವವರಿಗೆ. ಇದರಲ್ಲಿನ 0.64 ಅಂದರೆ 4/6.25, ಆರೂಕಾಲು ರೀಡಿಂಗಿನಲ್ಲಿ ನಿಜವಾಗಿ ಅಳೆದ ನಾಲ್ಕರ ಪಾಲು:

```python
import numpy as np
rng = np.random.default_rng(1)
N = 2_000_000
mu = rng.normal(0, 4, N)
xbar = rng.normal(mu, 3)
cred = abs(mu - 0.64 * xbar) < 1.96 * 2.4
conf = abs(mu - xbar) < 1.96 * 3
print(cred.mean(), conf.mean())
a = abs(xbar - 9) < 0.25
print(cred[a].mean(), conf[a].mean())
b = abs(mu - 12) < 0.25
print(cred[b].mean(), conf[b].mean())
```

ಮೊದಲ ಸಾಲಿನಲ್ಲಿ ಎರಡೂ 0.95ರ ಹತ್ತಿರ. ಎರಡನೇ ಸಾಲು ಸರಾಸರಿ 9ರ ಆಸುಪಾಸು ಬಂದ ಸರಳುಗಳದ್ದು: ಕ್ರೆಡಿಬಲ್ 0.95, ಕಾನ್ಫಿಡೆನ್ಸ್ 0.86. ಮೂರನೇ ಸಾಲು ನಿಜವಾದ ಉದ್ದವೇ 12ರ ಆಸುಪಾಸು ಇರುವವು. ಅಲ್ಲಿ ಕಾನ್ಫಿಡೆನ್ಸ್ 0.95, ಕ್ರೆಡಿಬಲ್ 0.6ರ ಆಸುಪಾಸು! ಮೂರನೇ ಗುಂಪಿನಲ್ಲಿ ಸರಳುಗಳು ಕಡಿಮೆ, ಹಾಗಾಗಿ ಎರಡನೇ ದಶಾಂಶ ಸ್ವಲ್ಪ ಅಲುಗಾಡಬಹುದು.

---

ತರ್ಕಜೀವಿ

ಆ ಮೂರನೇ ಸಾಲನ್ನು ಯಾರೂ ಸುಮ್ನೆ ದಾಟಿಕೊಂಡು ಹೋಗಬೇಡಿ. ನಾನು ಸರಳು ಕೊಳ್ಳುವವನ ಕಡೆಯಿಂದ ಮಾತಾಡುತ್ತೇನೆ.

ನಿಜವಾದ ಉದ್ದ 12 ಇರುವ ಸರಳು ಫೇಲ್ ಸರಳು. ನನಗೆ ಹಿಡಿಯಬೇಕಾದದ್ದು ಅದನ್ನೇ. ನಿಮ್ಮ ಕ್ರೆಡಿಬಲ್ ಇಂಟರ್ವಲ್ ಅಂಥ ಸರಳುಗಳಲ್ಲಿ ನೂರಕ್ಕೆ 58ರಲ್ಲಿ ಮಾತ್ರ ನಿಜವಾದ ಉದ್ದವನ್ನು ಹಿಡಿಯುತ್ತದೆ. ಉಳಿದವುಗಳಲ್ಲಿ ಪ್ರಯರ್ ಅದನ್ನು ಸೊನ್ನೆಯ ಕಡೆಗೆ ಎಳೆದು, ಇಲ್ಲ ಇಲ್ಲ ಸರಳು ಚೆನ್ನಾಗಿದೆ ಅಂದುಬಿಡುತ್ತದೆ. ಒಳ್ಳೆಯ ಸರಳುಗಳ ಮೇಲೆ 98.6% ಹಿಡಿದು ಅಲ್ಲಿಂದ ಈ ನಷ್ಟ ತುಂಬಿಕೊಂಡು 95% ಅನ್ನುವುದು ನನಗೆ ಬೇಡ. ನಿಮ್ಮ ಲೈನಿನ ಮೇಲೆ ನಿಮಗೆ ನಂಬಿಕೆ ಇರಬಹುದು, ಆ ನಂಬಿಕೆಯನ್ನು ನನ್ನ ಸರ್ಟಿಫಿಕೇಟಿನಲ್ಲಿ ಬೆರೆಸಬೇಡಿ. ಅಳೆದದ್ದು ಕೊಡಿ, ಸಾಕು.

---

ಹಳೇಗಣಿತ

ತರ್ಕಜೀವಿಯವರ ಮಾತಿನಲ್ಲಿ ಬಲ ಇದೆ. ಆ 58% ಹೇಗೆ ಬರುತ್ತದೆ ಅಂತ ತೋರಿಸುತ್ತೇನೆ, ಯಾಕೆಂದರೆ ಅದು ಕ್ರೆಡಿಬಲ್ ಇಂಟರ್ವಲ್‌ನ ನಿಜವಾದ ಬೆಲೆ. ಉದ್ದ 12 ಇದ್ದರೆ ಸರಾಸರಿ 12ರ ಸುತ್ತ ಬರುತ್ತದೆ. ಅದನ್ನು 0.64ರಿಂದ ಗುಣಿಸಿದಾಗ ಅಂದಾಜು 7.68ರ ಸುತ್ತ ಕೂರುತ್ತದೆ. ಅಂದರೆ 4.32 ಕೆಳಗೆ. ಇಂಟರ್ವಲ್‌ನ ಅರ್ಧ ಅಗಲ 4.70. 12ನ್ನು ಕಷ್ಟಪಟ್ಟು ಮುಟ್ಟುತ್ತದೆ ಅಷ್ಟೇ, ರೀಡಿಂಗುಗಳು ಸ್ವಲ್ಪ ಕೆಳಗೆ ಬಂದರೂ ತಪ್ಪುತ್ತದೆ.

ಆದರೆ ಇನ್ನೊಂದು ಕಡೆಯೂ ನೋಡಿ. ಎಸ್‌ಡಿ 4 ಇರುವ ಲೈನಿನಲ್ಲಿ 12 ದಾಟುವ ಸರಳು ಸಾವಿರಕ್ಕೆ ಒಂದು ಚಿಲ್ಲರೆ ಮಾತ್ರ. ಸರಾಸರಿ 9 ಬಂದಾಗ, ಉದ್ದ ನಿಜಕ್ಕೂ 9ರ ಆಸುಪಾಸು ಇತ್ತೋ, ಅಥವಾ 5ರ ಆಸುಪಾಸಿನ ಸರಳಿಗೆ ಗೇಜು ಮೇಲಕ್ಕೆ ಹಾರಿತೋ? 5ರ ಸರಳುಗಳು ಲೈನಿನಲ್ಲಿ ತುಂಬಾ ಜಾಸ್ತಿ. ಹಾಗಾಗಿ ದೊಡ್ಡ ರೀಡಿಂಗ್ ಬಂದ ಗುಂಪಿನಲ್ಲಿ ಗೇಜು ಮೇಲಕ್ಕೆ ಹಾರಿದ ಸರಳುಗಳೇ ತುಂಬಿಕೊಂಡಿರುತ್ತವೆ. ರೀಡಿಂಗ್ ದೊಡ್ಡದಾಗಿದೆ ಅಂತಲೇ ಒಂದು ಸರಳನ್ನು ಎತ್ತಿಕೊಂಡು ಅದರ ಕಾನ್ಫಿಡೆನ್ಸ್ ಇಂಟರ್ವಲ್ ಓದಿದರೆ, ಆ ಸಲ ಅದು ಮೇಲಕ್ಕೆ ವಾಲಿರುವ ಸಾಧ್ಯತೆ ಜಾಸ್ತಿ. ಅನುಮಾನ ಬಂದ ಸರಳುಗಳ ಮೇಲೇ ನಾವೆಲ್ಲ ಕಣ್ಣಿಡುವುದು. ಅಲ್ಲೇ ಕಾನ್ಫಿಡೆನ್ಸ್ ಇಂಟರ್ವಲ್‌ನ 95 ಕೆಳಗಿಳಿಯುವುದು.

ಒಂದು ಭರವಸೆ ಪ್ರತಿ ನಿಜವಾದ ಉದ್ದಕ್ಕೆ, ಇನ್ನೊಂದು ಪ್ರತಿ ರೀಡಿಂಗಿಗೆ. ಪ್ರಯರ್ ಚಪ್ಪಟೆ ಅಲ್ಲದಿದ್ದರೆ ಸಾಮಾನ್ಯವಾಗಿ ಒಂದೇ ಇಂಟರ್ವಲ್ ಎರಡೂ ಭರವಸೆ ಕೊಡಲಾರದು.

---

ಗುಂಡುಸೂಜಿ

ಎಲ್ಲರೂ ಎಸ್‌ಡಿ 4 ಅನ್ನುವುದನ್ನು ಕೊಟ್ಟದ್ದು ಕೊಟ್ಟ ಹಾಗೆ ತೆಗೆದುಕೊಂಡಿದ್ದೀರಿ. ನನ್ನ ಪ್ರಶ್ನೆ ಅಲ್ಲೇ. ಆ 4 ಎಲ್ಲಿಂದ ಬಂತು?

ಹಳೇ ರಿಜಿಸ್ಟರ್‌ನಲ್ಲಿರುವ ಸರಳುಗಳ ಅಳತೆ ತೆಗೆದುಕೊಂಡು ಎಸ್‌ಡಿ ಹಾಕಿದರೆ ಬರುವುದು ಸರಳಿನ ಹರಡಿಕೆ ಮಾತ್ರ ಅಲ್ಲ. ಅದರಲ್ಲಿ ಗೇಜಿನ ಅಲುಗಾಟವೂ ಸೇರಿರುತ್ತದೆ. ಅದನ್ನೇ ಪ್ರಯರ್ ಮಾಡಿದರೆ ಗೇಜಿನ ಅಲುಗಾಟವನ್ನು ಎರಡು ಸಲ ಎಣಿಸಿದ ಹಾಗೆ. ಇದು ತುಂಬಾ ಕಡೆ ನಡೆಯುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

ಇನ್ನೊಂದು ಮಾತು. 10ರ ಮಿತಿ ಕಾಯಲು ಎಸ್‌ಡಿ 6 ಇರುವ ಗೇಜು ತುಂಬಾ ಒರಟು. ಇದರ ಅರ್ಧದಷ್ಟು ಎಸ್‌ಡಿ ಇರುವ ಗೇಜು ಇದ್ದಿದ್ದರೆ ಇಲ್ಲಿ ಇಷ್ಟು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

---

ಸರಳು_ಅಳತೆ

ಗೇಜಿನ ಮಾತು ನಿಜ, ಹೊಸದು ಬರುವವರೆಗೆ ಇದರಲ್ಲೇ ನಡೆಯಬೇಕು.

4ರ ಬಗ್ಗೆ ಕೇಳಿ ಬಂದೆ. ರಿಜಿಸ್ಟರ್‌ನಲ್ಲಿ ಇರುವುದು ಪ್ರತಿ ಸರಳಿಗೆ ನಾಲ್ಕು ರೀಡಿಂಗಿನ ಸರಾಸರಿ. ಆ ಸರಾಸರಿಗಳ ಎಸ್‌ಡಿ 5. ಅಂದರೆ ವೇರಿಯನ್ಸ್ 25. ಅದರಿಂದ ನಾಲ್ಕು ರೀಡಿಂಗಿನ ಗೇಜು ವೇರಿಯನ್ಸ್ 9 ಕಳೆದು 16 ಮಾಡಿದ್ದಾರೆ. ಅದರ ವರ್ಗಮೂಲ 4.

---

ಗುಂಡುಸೂಜಿ

ಹಾಗಾದರೆ ನಿಮ್ಮ ಸಹೋದ್ಯೋಗಿ ಕೆಲಸ ಬಲ್ಲವರು. 5ನ್ನೇ ಹಾಕಿದ್ದರೆ 0.64ರ ಬದಲು 0.735 ಆಗುತ್ತಿತ್ತು, ಅಂದಾಜು 6.6ರ ಹತ್ತಿರ ಹೋಗುತ್ತಿತ್ತು.

ಇನ್ನೊಂದನ್ನೂ ನೋಡಿಕೊಳ್ಳಿ. ಆ ಮಾಸ್ಟರ್ ತುಂಡಿನ ಮೇಲೆ ಗೇಜಿನ ಸರಾಸರಿ ಸರಿಯಾಗಿ ಬರುತ್ತದೆಯಾ? ಗೇಜೇ 3 ಮೈಕ್ರಾನ್ ಜಾಸ್ತಿ ತೋರಿಸುತ್ತಿದ್ದರೆ ನಾಲ್ಕಲ್ಲ, ನಾನೂರು ಸಲ ಅಳೆದರೂ ಆ 3 ಹೋಗುವುದಿಲ್ಲ. ಎರಡೂ ಇಂಟರ್ವಲ್‌ಗಳಿಗೆ ಅದು ಕಾಣುವುದೇ ಇಲ್ಲ.

---

ಹಳೇಗಣಿತ

ಗುಂಡುಸೂಜಿಯವರು ಕೇಳಿದ್ದು ಒಳ್ಳೆಯದಾಯಿತು. ಅದಕ್ಕೇ ಸೇರಿದ ಇನ್ನೊಂದು ಅಪಾಯ ಹೇಳುತ್ತೇನೆ.

ಈ ಲೆಕ್ಕದಲ್ಲಿ ಪೋಸ್ಟೀರಿಯರ್ ಎಸ್‌ಡಿ ರೀಡಿಂಗನ್ನು ನೋಡುವುದೇ ಇಲ್ಲ. ಸರಾಸರಿ 9 ಬರಲಿ, 40 ಬರಲಿ, ಎಸ್‌ಡಿ ಅದೇ 2.4. 40 ಬಂದರೆ ಇದು 25.6 ± 4.7 ಅಂತ ಹೇಳುತ್ತದೆ, ಅಷ್ಟೇ ನಿಶ್ಚಿಂತೆಯಿಂದ. ಪ್ರಯರ್ ಸೊನ್ನೆ ಅನ್ನುತ್ತದೆ, ಅಳತೆ 40 ಅನ್ನುತ್ತದೆ, ಇದು ಇಬ್ಬರೂ ಒಪ್ಪದ 25.6 ಕೊಟ್ಟು ಸುಮ್ಮನಾಗುತ್ತದೆ. ಎಚ್ಚರಿಕೆ ಗಂಟೆ ಎಲ್ಲೂ ಬಾರಿಸುವುದಿಲ್ಲ.

ಆ ಗಂಟೆಯನ್ನು ನಾವೇ ಕಟ್ಟಬೇಕು. ಪ್ರಯರ್ ಸರಿಯಿದ್ದರೆ ನಾಲ್ಕು ರೀಡಿಂಗಿನ ಸರಾಸರಿ ಸೊನ್ನೆಯ ಸುತ್ತ ಎಸ್‌ಡಿ 5ರಂತೆ ಬರಬೇಕು. 16 + 9 ಆದ 25ರ ವರ್ಗಮೂಲ, ನಿಮ್ಮ ರಿಜಿಸ್ಟರ್‌ನಲ್ಲಿ ಕಂಡದ್ದೂ ಅದೇ. 9 ಬಂದರೆ ಅದು 1.8 ಎಸ್‌ಡಿ ದೂರ. ಸ್ವಲ್ಪ ದೂರವೇ, ಆದರೆ ಗಾಬರಿ ಬೇಡ. 40 ಅಂದರೆ 8 ಎಸ್‌ಡಿ. ಆಗ ಪೋಸ್ಟೀರಿಯರ್ ಲೆಕ್ಕ ಮುಚ್ಚಿಟ್ಟು, ಈ ಸರಳು ಆ ಲೈನಿನದ್ದೇ ಹೌದಾ ಅಂತ ಮೊದಲು ನೋಡಬೇಕು. ಬಾಲ ದಪ್ಪ ಇರುವ ಪ್ರಯರ್, ಉದಾಹರಣೆಗೆ ಟಿ ಹಂಚಿಕೆ, ಹಾಕಿದರೆ ಇಂಥ ಕಡೆ ಪ್ರಯರ್ ತಾನಾಗೇ ಹಿಡಿತ ಬಿಡುತ್ತದೆ. ಆದರೆ ಈ ಸುಲಭದ ಸೂತ್ರ ಆಗ ಸಿಗುವುದಿಲ್ಲ.

---

ಸಂಖ್ಯಾಪ್ರೇಮಿ

ಚಪ್ಪಟೆ ಪ್ರಯರ್ ಈ ಸರಳಿಗೆ ಹೊಂದುವುದಿಲ್ಲ ಅನ್ನುವುದು ಒಪ್ಪಿದೆ. ಆದರೆ ಏನೂ ಗೊತ್ತಿಲ್ಲದ ಹೊಸ ಲೈನಿನಿಂದ ಬಂದ ಮೊದಲ ಸರಳಾಗಿದ್ದರೆ? ಆಗ ನನ್ನ ಮಾತು ನಿಲ್ಲುತ್ತದೆ ಅಂತಲೇ ನನ್ನ ವಾದ.

---

ಹಳೇಗಣಿತ

ಹೊಸ ಲೈನಾದರೂ 500 ಮೈಕ್ರಾನ್ ತಪ್ಪು ಉದ್ದ ಬಂದಿದ್ದರೆ ಕಣ್ಣಿಗೇ ಕಾಣುತ್ತಿತ್ತು ಅಲ್ವಾ? ಏನೂ ಗೊತ್ತಿಲ್ಲ ಅನ್ನುವುದು ಅಷ್ಟು ಸುಲಭವಾಗಿ ಸಿಗುವ ಸ್ಥಿತಿ ಅಲ್ಲ. ಎಸ್‌ಡಿ 30 ಇರುವ ಪ್ರಯರ್ ಇಟ್ಟರೂ ಉತ್ತರ ನಿಮ್ಮದರ ಹತ್ತಿರವೇ ಬರುತ್ತದೆ ಅನ್ನುವುದನ್ನು ಮಾತ್ರ ಒಪ್ಪುತ್ತೇನೆ.

---

ತರ್ಕಜೀವಿ

ನನ್ನ ಮುಖ್ಯ ಆಕ್ಷೇಪ ಇನ್ನೂ ಹಾಗೇ ಇದೆ. ಪ್ರಯರಿನ ನಡು ಸೊನ್ನೆ ಅಂತ ಎಷ್ಟು ದಿನ ನಂಬುತ್ತೀರಿ? ಟೂಲ್ ಸವೆಯುತ್ತದೆ. ಉದ್ದ ನಿಧಾನಕ್ಕೆ ಮೇಲಕ್ಕೆ ಸರಿಯುತ್ತದೆ. ನಡು ಸದ್ದಿಲ್ಲದೆ 6ಕ್ಕೆ ಬಂದಿದೆ ಅಂತ ಇಟ್ಟುಕೊಳ್ಳಿ. ಆಗ ಇದೇ ನಾಲ್ಕು ರೀಡಿಂಗಿಗೆ ಅಂದಾಜು 5.76 ಅಲ್ಲ, 7.92. ಮಿತಿ ದಾಟಿರುವ ಸಂಭವ 4% ಅಲ್ಲ, 19%. ಹಳೇ ಪ್ರಯರ್ ಇಟ್ಟುಕೊಂಡವರು ತಪ್ಪು ಸರಳುಗಳನ್ನು ಪಾಸ್ ಮಾಡುತ್ತಲೇ ಇರುತ್ತಾರೆ. ಕಾನ್ಫಿಡೆನ್ಸ್ ಇಂಟರ್ವಲ್‌ಗೆ ಈ ರೋಗ ತಗಲುವುದಿಲ್ಲ.

---

ಸರಳು_ಅಳತೆ

ತರ್ಕಜೀವಿಯವರು ಹೇಳಿದ್ದಕ್ಕೆ ಈಚಿನ 20 ಸರಳುಗಳ ಸರಾಸರಿ ತೆಗೆದೆ. 2.1 ಬಂತು. ಸೊನ್ನೆಯೂ ಅಲ್ಲ, 6 ಅಂತೂ ಅಲ್ಲ.

---

ಕೋಡುಗಾತಿ

20 ಸರಳಿನ ಸರಾಸರಿಯ ಎಸ್‌ಡಿ 5 ಭಾಗಿಸು √20, ಸುಮಾರು 1.1. ಅಂದರೆ 2.1 ಅನ್ನುವುದು ಸೊನ್ನೆಯಿಂದ 1.9 ಎಸ್‌ಡಿ ದೂರ. ಸರಿದಿದೆ ಅಂತ ಖಚಿತವಾಗಿ ಹೇಳಲೂ ಆಗದು, ಸರಿದಿಲ್ಲ ಅನ್ನಲೂ ಆಗದು.

ನಡುವನ್ನು 2.1 ಅಂತ ಇಟ್ಟು ಲೆಕ್ಕ ಹಾಕಿದರೆ ಅಂದಾಜು 6.5, ಮಿತಿ ದಾಟಿರುವ ಸಂಭವ 7%. ಆ 2.1ರ ಮೇಲೂ ಪೂರ್ತಿ ನಂಬಿಕೆ ಇಲ್ಲ ಅಂತ ಅದರ ಅನುಮಾನವನ್ನೂ ಪ್ರಯರಿಗೆ ಸೇರಿಸಿದರೆ ಎಸ್‌ಡಿ 4ರಿಂದ 4.15 ಆಗುತ್ತದೆ, ಸಂಭವ 8% ಆಸುಪಾಸು. ಅಂತೂ 4%ಗೆ ಎರಡರಷ್ಟು, ಆದರೂ 37%ಗಿಂತ ಎಷ್ಟೋ ಕಡಿಮೆ.

---

ತರ್ಕಜೀವಿ

8% ನನಗೆ ಜಾಸ್ತಿಯೇ. ಸರ್ಟಿಫಿಕೇಟಿನಲ್ಲಿ ಅಳತೆಯ ಇಂಟರ್ವಲ್ 3.12–14.88 ಇರಲಿ, ಕೆಳಗೆ ಲೈನಿನ ಲೆಕ್ಕ ಬೇರೆಯಾಗಿ, ಯಾವ ಪ್ರಯರ್ ಅಂತ ಹೇಳಿ ಬರೆಯಿರಿ. ಬೆರೆಸದೆ ಕೊಟ್ಟರೆ ನನ್ನ ಪ್ರಯರ್ ನಾನು ಹಾಕಿಕೊಳ್ಳಬಲ್ಲೆ.

---

ಹಳೇಗಣಿತ

ಹೊರಗಿನವರಿಗೆ ಹಾಗೆ ಕೊಡುವುದೇ ಸರಿ, ಅದರಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯ ಇಲ್ಲ. ಆದರೆ ಈ ಸರಳನ್ನು ಇನ್ನೊಮ್ಮೆ ಅಳೆಯಬೇಕಾ, ಬಿಸಾಡಬೇಕಾ ಅಂತ ಒಳಗೆ ತೀರ್ಮಾನ ಮಾಡುವಾಗ ನಾನು ಪೋಸ್ಟೀರಿಯರನ್ನೇ ನೋಡುತ್ತೇನೆ. 37% ಅಂತ ನಂಬಿ ಬಿಸಾಡಿದರೆ ಇಂಥ ಒಳ್ಳೆಯ ಸರಳುಗಳೇ ಜಾಸ್ತಿ ಕಸಕ್ಕೆ ಹೋಗುತ್ತವೆ.

ಸರಳು_ಅಳತೆಯವರೇ, ಆ 20 ಸರಳುಗಳ ನಡುವೆ ಟೂಲ್ ಏನಾದರೂ ಬದಲಾಯಿತಾ? ಬದಲಾಗಿದ್ದರೆ 2.1 ಅನ್ನುವುದು ಎರಡು ಬೇರೆ ಲೈನುಗಳ ಕಲಬೆರಕೆ.

---

ಸರಳು_ಅಳತೆ

ಬದಲಾಗಿದೆ, ಸರ್. ಯಾವ ಸರಳಿನಿಂದ ಹೊಸ ಟೂಲ್ ಅಂತ ರಿಜಿಸ್ಟರ್‌ನಲ್ಲಿ ಬರೆದಿಲ್ಲ, ಶಿಫ್ಟಿನವರನ್ನು ಕೇಳಬೇಕು. ಅದು ಗೊತ್ತಾದರೆ ಪಟ್ಟಿಯನ್ನು ಅಲ್ಲಿಗೆ ಕತ್ತರಿಸಿ, ಎರಡೂ ಭಾಗದ ಸರಾಸರಿ ಬೇರೆ ಬೇರೆ ಹಾಕಿ ಇಲ್ಲಿ ತಿಳಿಸುತ್ತೇನೆ. ಈ ಸರಳನ್ನು ಅಲ್ಲಿಯವರೆಗೆ ಪಕ್ಕಕ್ಕಿಟ್ಟಿದ್ದೇನೆ, ಇನ್ನೂ ನಾಲ್ಕು ರೀಡಿಂಗ್ ತೆಗೆಯುತ್ತೇವೆ.